ಸೆಟಲ್‌ಮೆಂಟ್ ಡೀಡ್ ಬರೆಸಬೇಕಾ, ದಾನಪತ್ರವಾ? ಮಕ್ಕಳಿಲ್ಲದವರು ಅಕ್ಕನ ಮಗಳಿಗೆ, ಮೈದುನನ ಮಗನಿಗೆ ಆಸ್ತಿ ಕೊಡುವಾಗ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಾನು ವಕೀಲಿ ಮಾಡುತ್ತೇನೆ. ಆಸ್ತಿ ಪತ್ರ ಬರೆಸಲು ಬರುವವರಲ್ಲಿ ಅಪ್ಪ-ಮಕ್ಕಳ ಕೆಲಸ ಸುಲಭ. ತೊಡಕು ಬರುವುದು ದೊಡ್ಡಪ್ಪ, ಸೋದರಮಾವ, ಅತ್ತಿ, ಚಿಕ್ಕವ್ವ ಇಂಥವರು ಕೊಡಲು ಹೊರಟಾಗ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಇಟ್ಟಿದ್ದೇನೆ. ಉತ್ತರ ಅರ್ಥವಾಗಲಿ ಅಂತ ಒಬ್ಬ ಅಜ್ಜಿಯ ಕಥೆಯನ್ನು ಉದ್ದಕ್ಕೂ ಹಿಡಿದಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅಜ್ಜಿಗೆ 71 ವರ್ಷ. ಊರು ಆಳಂದ ತಾಲೂಕಿನದು. ಗಂಡ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಗಂಡನ ಪಾಲಿಗೆ ವಾಟ್ನಿಯಲ್ಲಿ ಬಂದ 6 ಎಕರೆ ತೊಗರಿ ಹೊಲ ಈಗ ಇವರ ಹೆಸರಿನಲ್ಲಿದೆ. ಕಲಬುರಗಿ ಊರೊಳಗೆ ಇವರೇ ಕೊಂಡ ಎರಡು ಖೋಲಿಯ ಮನೆ ಇದೆ. ಹೊಲ ಮಾಡುವವನು ಮೈದುನನ ಮಗ. ಅವನು ಇವರನ್ನು ದೊಡ್ಡವ್ವ ಎನ್ನುತ್ತಾನೆ. ಮನೆಯಲ್ಲಿ ಜೊತೆಗಿದ್ದು ಔಷಧ, ಊಟ ನೋಡಿಕೊಳ್ಳುವವಳು ಅಕ್ಕನ ಮಗಳು. ಅವಳಿಗೆ ಇವರು ಚಿಕ್ಕವ್ವ. ಆ ಅಕ್ಕನೂ ವಿಧವೆ, ಅದೇ ಮನೆಯಲ್ಲೇ ಇದ್ದಾರೆ. ಅಜ್ಜಿ ಮೊದಲ ದಿನವೇ ಹೇಳಿದ್ದು ಇಷ್ಟು: "ಹೊಲ ಅವನಿಗೆ, ಮನೆ ಇವಳಿಗೆ. ಆದರೆ ನಾನು ಇರೋತನಕ ಹೊಲದ ಬೆಳೆ ನನ್ನದು. ಅಕ್ಕ ಇರೋತನಕ ಮನೆ ಅಕ್ಕಂದು."

ಏನೂ ಬರೆಸದೆ ಬಿಟ್ಟರೆ ಆಸ್ತಿ ಯಾರಿಗೆ ಹೋಗುತ್ತದೆ?

ಮೊದಲು ತಿಳಿಯಬೇಕಾದದ್ದು ಇದು. ಮಕ್ಕಳಿಲ್ಲದ ಹಿಂದೂ ವಿಧವೆ ಪತ್ರ ಬರೆಸದೆ ತೀರಿಕೊಂಡರೆ, ಗಂಡನಿಂದ ಬಂದ ಆಸ್ತಿ ಗಂಡನ ವಾರಸುದಾರರಿಗೆ ಹೋಗುತ್ತದೆ. ತಂದೆ-ತಾಯಿಯಿಂದ ಬಂದದ್ದು ತಂದೆಯ ವಾರಸುದಾರರಿಗೆ. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ. ತಾವೇ ದುಡಿದು ಕೊಂಡ ಆಸ್ತಿಯಾದರೂ ಗಂಡನ ಕಡೆಯವರ ಸರದಿಯೇ ಮೊದಲು. ತವರಿನವರು ಅವರ ನಂತರ.

ಅಂದರೆ ನಮ್ಮ ಅಜ್ಜಿ ಸುಮ್ನೆ ಇದ್ದುಬಿಟ್ಟರೆ ಅವರೇ ಕೊಂಡ ಮನೆಯೂ ಮೈದುನಂದಿರ ಕಡೆಗೆ ಹೋಗುತ್ತದೆ. ರಾತ್ರಿ ಎದ್ದು ನೀರು ಕೊಟ್ಟ ಅಕ್ಕನ ಮಗಳಿಗೆ ಒಂದು ಇಟ್ಟಿಗೆಯೂ ಸಿಗುವುದಿಲ್ಲ. ಹೊಲ ಕೂಡ ಆ ಒಬ್ಬ ಹುಡುಗನಿಗೇ ಅಂತ ಬರುವುದಿಲ್ಲ. ಗಂಡನಿಗೆ ಎಷ್ಟು ಜನ ವಾರಸುದಾರರೋ ಅವರಲ್ಲಿ ಒಡೆಯುತ್ತದೆ.

ದಾನಪತ್ರಕ್ಕೂ ಸೆಟಲ್‌ಮೆಂಟ್ ಡೀಡ್‌ಗೂ ನಿಜವಾದ ವ್ಯತ್ಯಾಸ ಏನು?

ದಾನಪತ್ರ, ನಮ್ಮ ಕಡೆ ಹಿರಿಯರು ಬಕ್ಷೀಸ್ ಪತ್ರ ಎನ್ನುತ್ತಾರಲ್ಲ ಅದು, ಒಬ್ಬರು ದುಡ್ಡು ತೆಗೆದುಕೊಳ್ಳದೆ ಮತ್ತೊಬ್ಬರಿಗೆ ಕೊಡುವುದು. ಕೊಡುವವರು ಬದುಕಿರುವಾಗಲೇ ಪಡೆಯುವವರು ಒಪ್ಪಿಕೊಂಡಿರಬೇಕು. ಪತ್ರ ನೋಂದಣಿಯಾಗಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು.

ಸೆಟಲ್‌ಮೆಂಟ್ ಡೀಡ್, ಅಂದರೆ ವ್ಯವಸ್ಥಾ ಪತ್ರ, ಹೆಸರೇ ಹೇಳುವಂತೆ ಒಂದು ಏರ್ಪಾಡು. ಮನೆಯವರಿಗೆ, ನಂಬಿಕೊಂಡವರಿಗೆ, ತಾವು ದಾರಿ ಮಾಡಿಕೊಡಬೇಕು ಅಂದುಕೊಂಡವರಿಗೆ ಆಸ್ತಿಯನ್ನು ಹೊಂದಿಸಿ ಕೊಡುವುದು. ಇದರ ಬಲ ಇರುವುದು ಸರದಿಯಲ್ಲಿ. ಮೊದಲು ಇವರು ಅನುಭವಿಸಲಿ, ಅವರ ನಂತರ ಅವರು, ಕೊನೆಗೆ ಪೂರ್ತಿ ಹಕ್ಕು ಇವರಿಗೆ ಅಂತ ಒಂದೇ ಪತ್ರದಲ್ಲಿ ಬರೆಯಬಹುದು. ಹಲವು ಜನಕ್ಕೆ ಹಲವು ಆಸ್ತಿ ಹಂಚಬಹುದು. ಯಾಕೆ ಕೊಡುತ್ತಿದ್ದೀರಿ ಎಂಬ ಕಾರಣವೂ ಅದರಲ್ಲೇ ದಾಖಲಾಗುತ್ತದೆ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ದುಡ್ಡಿಲ್ಲದೆ ಮಾಡಿದ ಸೆಟಲ್‌ಮೆಂಟ್ ಕಾನೂನಿನ ಕಣ್ಣಲ್ಲಿ ಬಹುಪಾಲು ದಾನವೇ. ಒಪ್ಪಿಗೆ, ನೋಂದಣಿ, ಇಬ್ಬರು ಸಾಕ್ಷಿ ಅದಕ್ಕೂ ಬೇಕು. ಮೇಲೆ ಬರೆದ ಹೆಸರನ್ನು ಕೋರ್ಟು ನೋಡುವುದಿಲ್ಲ, ಒಳಗಿನ ಮಾತು ನೋಡುತ್ತದೆ. ಹಾಗಾಗಿ ಒಬ್ಬರಿಗೆ ನೇರವಾಗಿ, ಪೂರ್ತಿಯಾಗಿ ಕೊಡುವುದಿದ್ದರೆ ದಾನಪತ್ರ ಸಾಕು. ನಡುವೆ ಮೂರನೆಯವರ ಜೀವಿತಾವಧಿ ಬರುವುದಿದ್ದರೆ, ಅಜ್ಜಿಯ ಅಕ್ಕನ ಹಾಗೆ, ಸೆಟಲ್‌ಮೆಂಟ್ ಬರೆಸಿ.

ಸೆಟಲ್‌ಮೆಂಟ್ ಅಂತ ಬರೆಸಿದರೆ ಮುದ್ರಾಂಕ ಶುಲ್ಕ ಕಡಿಮೆಯಂತೆ, ಹೌದಾ?

ನನ್ನ ಬಳಿ ಅತಿ ಜಾಸ್ತಿ ಬರುವ ಪ್ರಶ್ನೆ ಇದೇ. ನಮ್ಮ ಅಜ್ಜಿಯ ಮಟ್ಟಿಗೆ ಉತ್ತರ: ಇಲ್ಲ.

ಕರ್ನಾಟಕದಲ್ಲಿ ಕುಟುಂಬದವರಿಗೆ ದಾನ ಕೊಟ್ಟರೂ ಸೆಟಲ್‌ಮೆಂಟ್ ಮಾಡಿದರೂ ಕೆಲವು ಸಾವಿರ ರೂಪಾಯಿಯ ನಿಗದಿತ ಶುಲ್ಕದಲ್ಲಿ ಮುಗಿಯುತ್ತದೆ. ಆದರೆ "ಕುಟುಂಬ" ಅಂದರೆ ಯಾರು ಎಂಬುದಕ್ಕೆ ಮುದ್ರಾಂಕ ಕಾಯ್ದೆಯಲ್ಲೇ ಒಂದು ಪಟ್ಟಿ ಇದೆ. ತಂದೆ, ತಾಯಿ, ಗಂಡ, ಹೆಂಡತಿ, ಮಗ, ಮಗಳು, ಸೊಸೆ, ಮೊಮ್ಮಕ್ಕಳು, ಅಣ್ಣ-ತಮ್ಮ, ಅಕ್ಕ-ತಂಗಿ. ಪಟ್ಟಿ ಅಲ್ಲಿಗೆ ನಿಲ್ಲುತ್ತದೆ. ಅಣ್ಣನ ಮಗ, ಅಕ್ಕನ ಮಗಳು, ಮೈದುನ, ಅಳಿಯ, ಕಾಕಾನ ಮಕ್ಕಳು ಇದರಲ್ಲಿ ಇಲ್ಲ. ಒಂದೇ ಮನೆಯಲ್ಲಿ ಮೂವತ್ತು ವರ್ಷ ಉಂಡಿದ್ದರೂ ಇಲ್ಲ. ಅವರಿಗೆ ಕೊಟ್ಟರೆ ಎರಡೂ ಪತ್ರಕ್ಕೆ ಮಾರಾಟದಷ್ಟೇ ಶುಲ್ಕ.

ಎಷ್ಟಾಗುತ್ತದೆ ನೋಡೋಣ. ಹೊಲದ ಮಾರ್ಗಸೂಚಿ ಬೆಲೆ ಎಕರೆಗೆ 4 ಲಕ್ಷ ಅಂತ ಇಟ್ಟುಕೊಳ್ಳಿ. 6 ಎಕರೆಗೆ 24 ಲಕ್ಷ. ಶೇ 5ರಂತೆ ಮುದ್ರಾಂಕ ಶುಲ್ಕ 1,20,000 ರೂಪಾಯಿ. ಆ ಶುಲ್ಕದ ಮೇಲೆ ಸೆಸ್ ಶೇ 10, ಹಳ್ಳಿ ಭಾಗವಾದ್ದರಿಂದ ಸರ್‌ಚಾರ್ಜ್ ಶೇ 3, ಎರಡೂ ಸೇರಿ 15,600. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ, ಅದು 48,000. ಒಟ್ಟು 1,83,600. ಮನೆಯ ಬೆಲೆ 10 ಲಕ್ಷ ಅಂದುಕೊಂಡರೆ ಇದೇ ಲೆಕ್ಕದಲ್ಲಿ 76,000. ಊರೊಳಗೆ ಸರ್‌ಚಾರ್ಜ್ ಶೇ 2. ಎರಡೂ ಸೇರಿ 2,59,600 ರೂಪಾಯಿ.

ಈ ಅಂಕಿ ಹೇಳಿದಾಗ ಅಜ್ಜಿ ಸೆರಗಿನ ಗಂಟು ಹಿಡಿದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಎರಡು ವರ್ಷದ ತೊಗರಿ ಅದು.

ಹಾಗಾದರೆ ಮೊದಲು ಅಕ್ಕನಿಗೆ ದಾನ ಕೊಟ್ಟು, ಅಕ್ಕ ತನ್ನ ಮಗಳಿಗೆ ದಾನ ಕೊಟ್ಟರೆ?

ಬಾಂಡ್ ಬರೆಯುವವರು ಹೇಳಿಕೊಡುವ ದಾರಿ ಇದು. ಅಕ್ಕ ಪಟ್ಟಿಯಲ್ಲಿದ್ದಾರೆ, ಅಕ್ಕನಿಗೆ ಅವರ ಮಗಳು ಪಟ್ಟಿಯಲ್ಲಿದ್ದಾಳೆ. ಎರಡೂ ಹೆಜ್ಜೆ ಕಡಿಮೆ ಶುಲ್ಕದಲ್ಲಿ ಆಗುತ್ತವೆ. ಪ್ರತಿ ದಾನ ನಿಜವಾದದ್ದೇ ಆಗಿದ್ದರೆ ತಪ್ಪೇನೂ ಇಲ್ಲ.

ಆದರೆ ನಡುವಿನ ಆ ಒಂದು ಕ್ಷಣ ಯೋಚಿಸಿ. ಮೊದಲ ಪತ್ರ ನೋಂದಣಿಯಾದ ಕೂಡಲೇ ಮನೆ ಪೂರ್ತಿ ಅಕ್ಕನದು. ಎರಡನೇ ಪತ್ರ ಬರೆಯಲೇಬೇಕು ಅಂತ ಅವರನ್ನು ಯಾರೂ ಕಟ್ಟಿಹಾಕಲಾಗದು. ಅಷ್ಟರಲ್ಲಿ ಅವರು ತೀರಿಕೊಂಡರೆ ಅವರ ಎಲ್ಲ ಮಕ್ಕಳಿಗೂ ಸಮ ಪಾಲು. ನಮ್ಮ ಪ್ರಕರಣದಲ್ಲಿ ಅಕ್ಕನಿಗೆ ಪುಣೆಯಲ್ಲಿ ಒಬ್ಬ ಮಗನೂ ಇದ್ದ. ಚಿಕ್ಕವ್ವನನ್ನು ನೋಡಲು ವರ್ಷಕ್ಕೊಮ್ಮೆಯೂ ಬಂದವನಲ್ಲ. ಅರ್ಧ ಮನೆ ಅವನಿಗೆ ಹೋಗುತ್ತಿತ್ತು. ಅಕ್ಕನ ಮೇಲೆ ಸಾಲ ಇದ್ದರೆ ಸಾಲ ಕೊಟ್ಟವರೂ ಆ ಮನೆಯ ಮೇಲೆ ಕಣ್ಣಿಡುತ್ತಾರೆ. ಅಣ್ಣನಿಗೆ ಕೊಟ್ಟು ಅಣ್ಣನ ಮಗನಿಗೆ ಕೊಡಿಸುವಾಗಲೂ ಇದೇ ಅಪಾಯ.

"ಬೇಕಾದಾಗ ರದ್ದು ಮಾಡುವ ಹಕ್ಕು ನನ್ನದು" ಅಂತ ಒಂದು ಸಾಲು ಸೇರಿಸಬಹುದಲ್ವಾ?

ದಯವಿಟ್ಟು ಸೇರಿಸಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಂ ಪ್ರಕಾರ, ಕೊಡುವವರ ಮನಸ್ಸು ಬಂದಾಗ ವಾಪಸ್ ಪಡೆಯಬಹುದಾದ ದಾನ ದಾನವೇ ಅಲ್ಲ. ಆ ಮಾತು ಎಷ್ಟು ಆಸ್ತಿಗೆ ತಾಗುತ್ತದೋ ಅಷ್ಟು ಪತ್ರ ಬಿದ್ದುಹೋಗುತ್ತದೆ. ಕಾವಲಿಗೆ ಅಂತ ಹಾಕಿದ ಸಾಲೇ ಎದುರಾಳಿಯ ಕೈಗೆ ಆಯುಧ ಕೊಡುತ್ತದೆ.

ಇಬ್ಬರೂ ಒಪ್ಪಿದ ಒಂದು ಘಟನೆ ನಡೆದರೆ ರದ್ದಾಗುತ್ತದೆ ಅಂತ ಬರೆಯಬಹುದು. ಆ ಘಟನೆ ಕೊಡುವವರ ಇಷ್ಟದ ಮೇಲೆ ನಿಂತಿರಬಾರದು. ಮೋಸ, ಬಲವಂತ, ಒತ್ತಡದಿಂದ ಬರೆಸಿಕೊಂಡಿದ್ದರೆ ಕೋರ್ಟಿನಲ್ಲಿ ರದ್ದು ಕೇಳಬಹುದು. ಇಷ್ಟು ಬಿಟ್ಟರೆ ಕೊಟ್ಟದ್ದು ಕೊಟ್ಟಂತೆಯೇ. ಸಿಟ್ಟು ಬಂದಾಗ ಉಪನೋಂದಣಿ ಕಚೇರಿಗೆ ಒಬ್ಬರೇ ಹೋಗಿ ರದ್ದತಿ ಪತ್ರ ಬರೆಸುವವರಿದ್ದಾರೆ. ಅದರಿಂದ ಮುಗಿದ ದಾನ ಮರಳುವುದಿಲ್ಲ. ದಾಖಲೆಯಲ್ಲಿ ಒಂದು ಜಗಳ ಹುಟ್ಟುತ್ತದೆ, ಅಷ್ಟೇ.

ಬರೆಸಿಕೊಂಡ ಮೇಲೆ ನೋಡಿಕೊಳ್ಳದಿದ್ದರೆ ಏನು ಮಾಡುವುದು?

60 ದಾಟಿದವರಿಗೆ ಒಂದು ದಾರಿ ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ. ನನ್ನ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರ ಮೋಸದಿಂದ ಆದದ್ದು ಅಂತ ಪರಿಗಣಿಸಿ ರದ್ದು ಮಾಡಿಸಬಹುದು. ಇದು ಮಗ-ಮಗಳಿಗೆ ಕೊಟ್ಟಾಗ ಮಾತ್ರ ಅಲ್ಲ, ಅಕ್ಕನ ಮಗಳಿಗೆ ಕೊಟ್ಟಾಗಲೂ ಅನ್ವಯಿಸುತ್ತದೆ. ಅರ್ಜಿ ಹಾಕುವುದು ಉಪವಿಭಾಗಾಧಿಕಾರಿ, ಅಂದರೆ ಎಸಿ ಅವರ ಮುಂದೆ. ಆಳಂದದವರಿಗೆ ಕಲಬುರಗಿ, ಚಿಂಚೋಳಿಯವರಿಗೆ ಸೇಡಂ, ಹುಮನಾಬಾದಿನವರಿಗೆ ಬಸವಕಲ್ಯಾಣ, ಶಹಾಪುರದವರಿಗೆ ಯಾದಗಿರಿ.

ಷರತ್ತು ಪತ್ರದಲ್ಲೇ ಇರಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಷರತ್ತು ತೋರಿಸದಿದ್ದರೆ 23ನೇ ಕಲಂ ಸಿಗದು ಎಂದಿತು. 2025ರ ಒಂದು ತೀರ್ಪು ಹಿರಿಯರ ಪರವಾಗಿ ಇನ್ನಷ್ಟು ಉದಾರವಾಗಿ ನೋಡಿದೆ. ಆದರೂ ವಯಸ್ಸಾದವರನ್ನು ವಾದದ ಮೇಲೆ ನಿಲ್ಲಿಸುವುದು ನನಗೆ ಇಷ್ಟವಿಲ್ಲ. "ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ" ಎಂಬ ಹಳೇ ಸಾಲಿನಲ್ಲಿ ಈ ರಕ್ಷಣೆ ಇಲ್ಲ. ನಾನು ಅಜ್ಜಿಯ ಪತ್ರದಲ್ಲಿ ಬರೆದದ್ದು ಹೀಗೆ: "ನನ್ನ ಊಟ, ವಸತಿ, ಬಟ್ಟೆ, ಔಷಧೋಪಚಾರವನ್ನು ನೀನು ನನ್ನ ಜೀವಿತಾವಧಿಯಲ್ಲಿ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಈ ಆಸ್ತಿಯನ್ನು ನಿನಗೆ ಕೊಟ್ಟಿರುತ್ತೇನೆ. ನೀನು ಈ ಷರತ್ತನ್ನು ಒಪ್ಪಿರುತ್ತೀ." ಓದಿ ಹೇಳಿದಾಗ ಅಕ್ಕನ ಮಗಳಿಗೆ ಸ್ವಲ್ಪ ನೋವಾಯಿತು. "ನನ್ನ ಮೇಲೆ ನಂಬಿಕೆ ಇಲ್ಲೇನು ಚಿಕ್ಕವ್ವಾ?" ಎಂದಳು. ಅಜ್ಜಿ ಅವಳ ಕೈ ಹಿಡಿದು "ನೀ ಇರ್ತೀ, ನಿನ್ನ ಮನೆಗೆ ಬರೋ ಅಳಿಯ ಹೆಂಗೋ" ಎಂದರು.

ನಾನು ಇರುವತನಕ ನನ್ನ ಬಳಿಯೇ ಇರಲಿ, ನಂತರ ಅವರಿಗೆ ಅಂತ ಬರೆಯಬಹುದಾ?

ಬರೆಯಬಹುದು. ಆದರೆ ಈ ಒಂದು ಸಾಲಿನಲ್ಲೇ ಎಷ್ಟೋ ಪತ್ರಗಳು ಹಾಳಾಗಿವೆ. "ನನ್ನ ಮರಣಾನಂತರ ಈ ಆಸ್ತಿ ನಿನಗೆ ಸೇರತಕ್ಕದ್ದು" ಅಂತಷ್ಟೇ ಬರೆದರೆ, ಮೇಲೆ ಸೆಟಲ್‌ಮೆಂಟ್ ಅಂತ ಇದ್ದರೂ ಅದು ಉಯಿಲು ಆಗಿಬಿಡುತ್ತದೆ. ಮುಂದೆ ಯಾವತ್ತಾದರೂ ಬೇರೆ ಪತ್ರದಿಂದ ಅದನ್ನು ಅಳಿಸಬಹುದು. ಪೂರ್ತಿ ಶುಲ್ಕ ಕಟ್ಟಿ ಉಯಿಲು ಪಡೆದಂತೆ ಆಯಿತಲ್ಲ!

ಹಕ್ಕು ಇಂದೇ ಹೋಗಬೇಕು, ಅನುಭೋಗ ಮಾತ್ರ ಉಳಿಯಬೇಕು. "ಈ ಆಸ್ತಿಯ ಮಾಲೀಕತ್ವವನ್ನು ಈ ದಿನವೇ ನಿನಗೆ ವರ್ಗಾಯಿಸಿರುತ್ತೇನೆ. ನನ್ನ ಜೀವಿತಾವಧಿಯಲ್ಲಿ ಅನುಭೋಗದ ಹಕ್ಕನ್ನು ಮಾತ್ರ ಉಳಿಸಿಕೊಂಡಿರುತ್ತೇನೆ." ಹೀಗೆ ಬರೆದರೆ ಸ್ವಾಧೀನ ಈಗಲೇ ಕೊಡದಿದ್ದರೂ ದಾನ ನಿಲ್ಲುತ್ತದೆ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇದರ ಇನ್ನೊಂದು ಮುಖವೂ ಇದೆ. ಹಕ್ಕು ಇಂದೇ ಹೋಗಿರುವುದರಿಂದ, ಪಡೆದವರು ನಿಮಗಿಂತ ಮೊದಲು ತೀರಿಕೊಂಡರೆ ಆಸ್ತಿ ನಿಮಗೆ ಮರಳುವುದಿಲ್ಲ. ಅವರ ಹೆಂಡತಿ-ಮಕ್ಕಳಿಗೆ ಹೋಗುತ್ತದೆ. ಮೈದುನನ ಮಗನಿಗೆ ಕೊಟ್ಟೆ ಅಂದರೆ ಅವನ ಮನೆಗೇ ಕೊಟ್ಟಂತೆ.

ಹೊಲವಾದರೆ ಪಹಣಿಯ 9ನೇ ಕಾಲಂನಲ್ಲಿ ಹೊಸ ಮಾಲೀಕರ ಹೆಸರು ಬರುತ್ತದೆ. ನಿಮ್ಮ ಜೀವಿತಾವಧಿ ಹಕ್ಕನ್ನು 11ನೇ ಕಾಲಂನಲ್ಲಿ ಬರೆಸಲು ಮ್ಯುಟೇಶನ್ ಸಮಯದಲ್ಲೇ ಅರ್ಜಿ ಕೊಡಿ. ಇಲ್ಲದಿದ್ದರೆ ಕೊಳ್ಳುವವರಿಗೂ ಬ್ಯಾಂಕಿಗೂ ನಿಮ್ಮ ಹಕ್ಕು ಕಾಣಿಸುವುದೇ ಇಲ್ಲ. 9ನೇ ಕಾಲಂನಿಂದ ಹೆಸರು ಹೋದ ಮೇಲೆ ಬೆಳೆ ಸಾಲ, ಪಿಎಂ ಕಿಸಾನ್ ಹಣಕ್ಕೂ ನೀವು ಹೊರಗಾಗುತ್ತೀರಿ.

ಉಯಿಲು ಬರೆದರೆ ಶುಲ್ಕ ಇಲ್ಲವಲ್ಲ?

ಉಯಿಲಿಗೆ ಮುದ್ರಾಂಕ ಶುಲ್ಕ ಇಲ್ಲ, ನಿಜ. ಮನಸ್ಸು ಬದಲಾದರೆ ಮತ್ತೆ ಬರೆಯಬಹುದು. ತೊಂದರೆ ಬರುವುದು ನಿಮ್ಮ ನಂತರ. ಉಳಿದ ವಾರಸುದಾರರು ತಕರಾರು ಎತ್ತಿದರೆ ಸಹಿ ಹಾಕಿದ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಆದ್ದರಿಂದ ನಿಮ್ಮ ವಯಸ್ಸಿನವರನ್ನೇ ಸಾಕ್ಷಿ ಮಾಡಬೇಡಿ, ಚಿಕ್ಕವರನ್ನು ಮಾಡಿ. ಉಯಿಲನ್ನು ನೋಂದಣಿಯೂ ಮಾಡಿಸಿ.

ಅಜ್ಜಿಗೆ ನಾನು ಕೊಟ್ಟ ಸಲಹೆ ಎರಡನ್ನೂ ಬೆರೆಸಿದ್ದು. ಮನೆಗೆ ಸೆಟಲ್‌ಮೆಂಟ್ ಡೀಡ್: ಅಜ್ಜಿ ಮತ್ತು ಅಕ್ಕನಿಗೆ ಜೀವಿತಾವಧಿ ವಾಸದ ಹಕ್ಕು, ಮಾಲೀಕತ್ವ ಅಕ್ಕನ ಮಗಳಿಗೆ. ಕಾನೂನಿನ ಸರದಿಯಲ್ಲಿ ಅವಳು ಎಲ್ಲರಿಗಿಂತ ಹಿಂದೆ ಇದ್ದಾಳೆ, ಉಯಿಲಿನ ಮೇಲೆ ತಕರಾರು ಬಂದರೆ ತಾಳಿಕೊಳ್ಳುವ ಶಕ್ತಿ ಅವಳಿಗೆ ಕಡಿಮೆ. ಹಾಗಾಗಿ 76,000 ಅಲ್ಲಿ ಖರ್ಚು ಮಾಡುವುದು ಸರಿ ಎನಿಸಿತು. ಹೊಲಕ್ಕೆ ನೋಂದಾಯಿತ ಉಯಿಲು. ಮೈದುನನ ಮಗ ಆಗಲೇ ಹೊಲದಲ್ಲಿದ್ದಾನೆ, ಗಂಡನ ಕಡೆಯವನು, ಅವನ ಅಪ್ಪ ಸಾಕ್ಷಿಯಾಗಿ ಸಹಿ ಹಾಕಲು ಒಪ್ಪಿದ. 1,83,600 ಉಳಿಯಿತು. ಪಹಣಿಯಲ್ಲಿ ಅಜ್ಜಿಯ ಹೆಸರೂ ಉಳಿಯಿತು.

ಪಿತ್ರಾರ್ಜಿತ ಆಸ್ತಿಯಲ್ಲಿ ನನ್ನ ಪಾಲನ್ನು ತಮ್ಮನ ಮಗನಿಗೆ ಬರೆಯಬಹುದಾ?

ವಾಟ್ನಿ ಆಗದ ಒಟ್ಟು ಕುಟುಂಬದ ಪಾಲನ್ನು ಉಳಿದವರ ಒಪ್ಪಿಗೆ ಇಲ್ಲದೆ ದಾನ ಕೊಡಲಾಗದು. ಮೊದಲು ವಾಟ್ನಿ ಪತ್ರ ಮಾಡಿಸಿಕೊಳ್ಳಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಡುವುದಿದ್ದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಊರೊಳಗಿನ ಮನೆಗೆ ಇ-ಖಾತಾ ಬೇಕು. ಗಂಡ ಉಯಿಲಿನಲ್ಲಿ "ಹೆಂಡತಿ ಇರುವತನಕ ಅನುಭವಿಸಲಿ" ಅಂತಷ್ಟೇ ಬರೆದು ಕೊಟ್ಟ ಆಸ್ತಿಯಾದರೆ ಆಕೆಗೆ ಮುಂದೆ ಕೊಡುವ ಹಕ್ಕೇ ಇಲ್ಲದಿರಬಹುದು, ಆ ಹಳೇ ಕಾಗದ ತಪ್ಪದೆ ಓದಿಸಿ.

ಸರ್ಕಾರದಿಂದ ಮಂಜೂರಾದ ಪರಿಶಿಷ್ಟ ಜಾತಿ, ಪಂಗಡದವರ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ದಾನ ಮಾಡಿದರೂ ಅದು ಅಸಿಂಧು. ಆ ಕಾಯ್ದೆಯ ವ್ಯಾಖ್ಯೆಯಿಂದ ಮನೆಯೊಳಗಿನ ವಾಟ್ನಿ ಮತ್ತು ಉಯಿಲನ್ನು ಹೊರಗಿಟ್ಟಿದ್ದಾರೆ.

ಮುಸ್ಲಿಂ ಕುಟುಂಬಗಳಲ್ಲಿ ಬಾಯಿಮಾತಿನ ಹಿಬಾ ನಡೆಯುತ್ತದಾ?

ನಡೆಯುತ್ತದೆ. ಕೊಟ್ಟೆ ಎಂಬ ಘೋಷಣೆ, ಪಡೆದೆ ಎಂಬ ಒಪ್ಪಿಗೆ, ಸ್ವಾಧೀನ, ಈ ಮೂರೂ ಆಗಿದ್ದರೆ ನೋಂದಣಿ ಇಲ್ಲದೆಯೂ ಹಿಬಾ ಪೂರ್ಣ. ಇಲ್ಲಿ ಸ್ವಾಧೀನ ಬಿಡುವಂತಿಲ್ಲ. ಮೂರನೇ ಒಂದು ಪಾಲಿನ ಮಿತಿ ಇರುವುದು ವಸಿಯತ್‌ಗೆ, ಅಂದರೆ ಉಯಿಲಿಗೆ. ಹಿಬಾಕ್ಕಲ್ಲ. ಆದರೆ ಬೀದರಿನಲ್ಲಾಗಲಿ ಕಲಬುರಗಿಯಲ್ಲಾಗಲಿ ಖಾತೆ ಬದಲಿಸಲು ಹೋದಾಗ ಕಾಗದ ಕೇಳುತ್ತಾರೆ. ಅಣ್ಣನ ಮಗನಿಗೆ ಕೊಡುವ ಫುಪ್ಪಿಗೂ ಚಾಚಾಗೂ ನಾನು ನೋಂದಾಯಿತ ಪತ್ರವನ್ನೇ ಹೇಳುತ್ತೇನೆ.

ಪಡೆದವರು ಆದಾಯ ತೆರಿಗೆ ಕಟ್ಟಬೇಕಾ?

ಇಲ್ಲಿನ ಪಟ್ಟಿ ಮುದ್ರಾಂಕದ ಪಟ್ಟಿಗಿಂತ ಬೇರೆ, ಎರಡನ್ನೂ ಕಲಸಬೇಡಿ. ಪಡೆದವರ ತಂದೆ ಅಥವಾ ತಾಯಿಯ ಒಡಹುಟ್ಟಿದವರು, ಅವರ ಗಂಡ-ಹೆಂಡಿರು ಕೊಟ್ಟರೆ ತೆರಿಗೆ ಇಲ್ಲ. ಹಾಗಾಗಿ ಚಿಕ್ಕವ್ವ ಕೊಟ್ಟ ಮನೆಗೆ ಅಕ್ಕನ ಮಗಳು ತೆರಿಗೆ ಕಟ್ಟಬೇಕಾಗಿಲ್ಲ. ತಿರುಗಿಸಿ ನೋಡಿ: ಅಕ್ಕನ ಮಗಳು ತನ್ನ ಮನೆಯನ್ನು ಚಿಕ್ಕವ್ವನಿಗೆ ಕೊಟ್ಟರೆ, ಚಿಕ್ಕವ್ವನ ಪಟ್ಟಿಯಲ್ಲಿ ಆಕೆ ಇಲ್ಲ. ಮೌಲ್ಯ 50,000 ದಾಟಿದರೆ ಅದು ಚಿಕ್ಕವ್ವನ ಆದಾಯ. ಕಾಕಾನ ಮಕ್ಕಳು ಒಬ್ಬರಿಗೊಬ್ಬರು ಕೊಟ್ಟಾಗಲೂ ಹೀಗೆಯೇ.

ನೋಂದಣಿ ದಿನ ಏನು ನೋಡಿಕೊಳ್ಳಬೇಕು?

ಪಡೆಯುವವರೂ ಬಂದು ಒಪ್ಪಿಗೆಯ ಸಹಿ ಹಾಕಲಿ. ಬರೆಸಿದವರು ಓದಲಾರದವರಾಗಿದ್ದರೆ, ಪತ್ರವನ್ನು ಓದಿ ಹೇಳಿ ಅರ್ಥ ಮಾಡಿಸಲಾಗಿದೆ ಎಂಬ ಸಾಲು ಇರಲಿ, ಓದಿ ಹೇಳಿದವರ ಸಹಿಯೂ ಇರಲಿ. ನಮ್ಮ ಅಜ್ಜಿ ಹೆಬ್ಬೆಟ್ಟು ಒತ್ತುವ ಮುಂಚೆ ವಾಸದ ಹಕ್ಕಿನ ಸಾಲನ್ನು ಇನ್ನೊಮ್ಮೆ ಓದಿಸಿದರು. ಅಕ್ಕನ ಹೆಸರು ಬಂದ ಮೇಲೆಯೇ ಮಸಿಯ ಕಡೆ ಕೈ ಚಾಚಿದರು.